ಐಎನ್‌ಆರ್ ಹಳಿ ತಪ್ಪಿದಾಗ ಕಾರಣ ಹುಡುಕುವುದು ಹೇಗೆ: ವಾರ್ಫರಿನ್, ಮಳೆಗಾಲದ ಸೊಪ್ಪು ಮತ್ತು ಆಂಟಿಬಯೋಟಿಕ್

ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಸಂಖ್ಯೆ ಐಎನ್‌ಆರ್. ತಿಂಗಳುಗಟ್ಟಲೆ 2.8, 2.9, 3.0 ಎಂದು ಒಂದೇ ಗೆರೆಯಲ್ಲಿ ಬರುತ್ತಿದ್ದ ಅದು ಆಷಾಢದಲ್ಲಿ ದಿಢೀರನೆ 2.1ಕ್ಕೆ ಇಳಿಯುತ್ತದೆ. ಮಾತ್ರೆ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಮತ್ತೊಂದು ತಿಂಗಳಿಗೆ ಅದೇ ಮನುಷ್ಯರ ರಿಪೋರ್ಟು 6ರ ಮೇಲೆ ಹೋಗಿರುತ್ತದೆ. ಮಲೆನಾಡಿನಲ್ಲಿ ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಲ್ಲಿ ಈ ಏರಿಳಿತ ಸುಮ್ಮನೆ ಆಗುವಂಥದ್ದಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ಸೊಪ್ಪು ಐಎನ್‌ಆರ್ ಇಳಿಸುತ್ತದೆ. ಇಳಿದದ್ದಕ್ಕೆ ಡೋಸ್ ಏರುತ್ತದೆ. ಸೊಪ್ಪು ನಿಂತ ಮೇಲೂ ಏರಿದ ಡೋಸ್ ಹಾಗೇ ಉಳಿಯುತ್ತದೆ. ಆ ಹೊತ್ತಿಗೆ ಯಾವುದೋ ಸೋಂಕಿಗೆ ಆಂಟಿಬಯೋಟಿಕ್ ಸೇರಿಕೊಳ್ಳುತ್ತದೆ. ಮೂರೂ ಒಂದೇ ದಿಕ್ಕಿಗೆ ತಳ್ಳಿದಾಗ ಸಂಖ್ಯೆ ಹಾರುತ್ತದೆ. ಈ ಬರಹ ಮುಖ್ಯವಾಗಿ ಈ ಸರಪಳಿಯನ್ನು ಎಲ್ಲಿ ಕಡಿಯಬೇಕು ಎಂಬುದರ ಬಗ್ಗೆ.

ಡೋಸ್ ಬದಲಿಸುವುದು ಮಾತ್ರೆ ಬರೆದುಕೊಟ್ಟ ವೈದ್ಯರ ಕೆಲಸ. ಆದರೆ ಅವರು ಸರಿಯಾಗಿ ಬದಲಿಸಬೇಕಾದರೆ ಬೇಕಾಗುವ ಮಾಹಿತಿ ಇರುವುದು ಮನೆಯ ಅಡುಗೆಮನೆಯಲ್ಲಿ, ಮಾತ್ರೆಯ ಡಬ್ಬಿಯಲ್ಲಿ. ಅದನ್ನು ಕಲೆಹಾಕುವುದು ಮನೆಯವರ ಕೈಯಲ್ಲೇ ಇದೆ.

ಮೊದಲು ತುರ್ತಿನ ಮಾತು

ಕಪ್ಪು ಡಾಂಬರಿನಂಥ ಮಲ, ಕೆಂಪು ಮೂತ್ರ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಎಂದೂ ಇಲ್ಲದ ತಲೆನೋವು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು: ಇಷ್ಟರಲ್ಲಿ ಒಂದು ಕಂಡರೂ ಐಎನ್‌ಆರ್ ಎಷ್ಟಿದೆ ಎಂದು ನೋಡುತ್ತ ಕೂರಬಾರದು, ಸೀದಾ ಆಸ್ಪತ್ರೆಗೆ ಹೋಗಬೇಕು. ಅಡಿಕೆ ತೋಟದ ಪಾಚಿಯಲ್ಲಿ ಜಾರಿ ತಲೆಗೆ ಪೆಟ್ಟಾದರೂ ಹಾಗೆಯೇ, ಹೊರಗೆ ಗಾಯ ಕಾಣದಿದ್ದರೂ ಸರಿ. ಮುಂದೆ ಬರೆದಿರುವುದೆಲ್ಲ ರಕ್ತಸ್ರಾವ ಇಲ್ಲದೆ ಸಂಖ್ಯೆ ಮಾತ್ರ ಆಚೀಚೆ ಆದವರಿಗೆ.

ಇವತ್ತಿನ ಸಂಖ್ಯೆ ಇವತ್ತಿನದಲ್ಲ

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಪಿತ್ತಜನಕಾಂಗ ತಯಾರಿಸುತ್ತದೆ. ಎರಡು, ಏಳು, ಒಂಬತ್ತು, ಹತ್ತು ಎಂದು ಅವಕ್ಕೆ ನಂಬರಿನ ಹೆಸರುಗಳು. ಇವು ಕೆಲಸಕ್ಕೆ ಬರುವಂತಾಗಲು ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಹೊಸದು ಮಾಡಿಕೊಂಡು ಬಳಸುತ್ತದೆ. ವಾರ್ಫರಿನ್ ತಡೆಯುವುದು ಈ ಮರುಬಳಕೆಯನ್ನು. ಆದ್ದರಿಂದಲೇ ಊಟದಿಂದ ಹೊಸ ವಿಟಮಿನ್ ಕೆ ಹೆಚ್ಚು ಬಂದರೆ ಮಾತ್ರೆಯ ಬಲ ತಗ್ಗುತ್ತದೆ, ಊಟದಿಂದ ಬರುವುದು ನಿಂತರೆ ಅದೇ ಮಾತ್ರೆ ಜೋರಾಗುತ್ತದೆ.

ಡೋಸ್ ಬದಲಿಸಿದ ಕೂಡಲೇ ಸಂಖ್ಯೆ ಪೂರ್ತಿ ಬದಲಾಗುವುದಿಲ್ಲ. ರಕ್ತದಲ್ಲಿ ಈಗಾಗಲೇ ಓಡಾಡುತ್ತಿರುವ ಅಂಶಗಳು ಸವೆಯಬೇಕು. ಏಳನೆಯ ಅಂಶ ಸುಮಾರು 6 ಗಂಟೆಗೊಮ್ಮೆ ಅರ್ಧವಾಗುತ್ತದೆ, ಎರಡನೆಯದಕ್ಕೆ ಎರಡೂವರೆ ದಿನವಾದರೂ ಬೇಕು. ವಾರ್ಫರಿನ್ ತಾನೇ ಅರ್ಧಕ್ಕಿಳಿಯಲು ಒಂದೂವರೆ ದಿನ ಹಿಡಿಯುತ್ತದೆ. ಹಾಗಾಗಿ ಇವತ್ತಿನ ಐಎನ್‌ಆರ್ ಹೇಳುವುದು ಎರಡು ಮೂರು ದಿನ ಹಿಂದಿನ ಮಾತ್ರೆ ಮತ್ತು ಊಟದ ಕಥೆ. ಡೋಸ್ ಬದಲಾವಣೆಯ ಫಲ ನೋಡಲು ಕಡಿಮೆಯೆಂದರೆ 5ರಿಂದ 7 ದಿನ ಕಾಯಬೇಕು, ಪೂರ್ತಿ ನೆಲೆಗೆ ಬರಲು ಹೆಚ್ಚು ಕಡಿಮೆ ಎರಡು ವಾರ. ಮಂಗಳವಾರ ಏರಿಸಿ ಗುರುವಾರ ಪರೀಕ್ಷೆ ಮಾಡಿಸಿ, "ಏರಲೇ ಇಲ್ಲವಲ್ಲ" ಎಂದು ಇನ್ನಷ್ಟು ಏರಿಸಿದರೆ ಮುಂದಿನ ವಾರ ಎರಡೂ ಏರಿಕೆ ಒಟ್ಟಿಗೆ ಬಂದು ಬಡಿಯುತ್ತವೆ.

ಸಂಖ್ಯೆಯೇ ಸುಳ್ಳಾಗಿರಬಹುದು

ಹಿಂದಿನ ರಿಪೋರ್ಟಿಗೂ ಇಂದಿನದಕ್ಕೂ ತಾಳೆ ಇಲ್ಲದಿದ್ದರೆ ಮೊದಲ ಅನುಮಾನ ರಕ್ತ ತೆಗೆದ ರೀತಿಯ ಮೇಲೆ ಇರಲಿ. ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬು ಬಳಸುತ್ತಾರೆ. ಅದರಲ್ಲಿ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ, ಅದರ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಬೀಳಬೇಕು. 0.3 ಮಿ.ಲೀ. ಸಿಟ್ರೇಟ್ ಇರುವ ಟ್ಯೂಬಿಗೆ 2.7 ಮಿ.ಲೀ. ರಕ್ತ. ನರ ಸಿಗದೆ ಅರ್ಧ ಟ್ಯೂಬಿಗೇ ನಿಲ್ಲಿಸಿದರೆ ಸಿಟ್ರೇಟ್ ಪಾಲು ಹೆಚ್ಚಾಗಿ, ಇಲ್ಲದ ಏರಿಕೆ ರಿಪೋರ್ಟಿನಲ್ಲಿ ಕಾಣುತ್ತದೆ. ಗೆರೆಯವರೆಗೆ ತುಂಬಿತೇ ಎಂದು ಅಲ್ಲೇ ಕಣ್ಣಾಡಿಸುವುದು ಕಷ್ಟವೇನಲ್ಲ.

ಹೊಸನಗರ, ತೀರ್ಥಹಳ್ಳಿ ಕಡೆ ಸಂಗ್ರಹ ಕೇಂದ್ರದಲ್ಲಿ ರಕ್ತ ಕೊಟ್ಟು, ಅದು ಶಿವಮೊಗ್ಗದ ಲ್ಯಾಬಿಗೆ ಹೋಗುವುದಿದ್ದರೆ ಇನ್ನೊಂದು ವಿಷಯ ವಿಚಾರಿಸಿ. ಐಎನ್‌ಆರ್ ಸ್ಯಾಂಪಲ್ ಸಾಮಾನ್ಯ ಕೋಣೆಯ ಬಿಸಿಯಲ್ಲೇ 24 ಗಂಟೆ ಕೆಡದೆ ಇರುತ್ತದೆ. ಬೇರೆ ಸ್ಯಾಂಪಲ್‌ಗಳ ಜೊತೆ ಇದನ್ನೂ ಐಸ್ ಪೆಟ್ಟಿಗೆಗೆ ಹಾಕಿದರೆ ತಂಪಿಗೆ ಏಳನೆಯ ಅಂಶ ಕೆರಳಿ, ಸಂಖ್ಯೆ ಇರಬೇಕಾದ್ದಕ್ಕಿಂತ ಕಡಿಮೆ ತೋರಬಹುದು. ಒಳ್ಳೆಯದಾಗಲಿ ಎಂದು ಮಾಡಿದ್ದೇ ತೊಡಕಾಗುವುದು ಹೀಗೆ.

ಲ್ಯಾಬ್ ಬದಲಾಯಿಸಿದಾಗ ಸೆಕೆಂಡುಗಳನ್ನು ಹೋಲಿಸಬೇಡಿ, ಐಎನ್‌ಆರ್ ಮಾತ್ರ ಹೋಲಿಸಿ. ರಿಪೋರ್ಟಿನ ಲೆಕ್ಕ ಇದು:

```
INR = (PT / MNPT) ^ ISI
```

ರೋಗಿಯ ರಕ್ತ ಹೆಪ್ಪುಗಟ್ಟಲು ಹಿಡಿದ ಹೊತ್ತು, ಅಂದರೆ PT, 36 ಸೆಕೆಂಡು, ಆ ಲ್ಯಾಬಿನ ಸಾಮಾನ್ಯ ಸರಾಸರಿ, ಅಂದರೆ MNPT, 13 ಸೆಕೆಂಡು ಎಂದುಕೊಳ್ಳಿ. ಲ್ಯಾಬ್ ಬಳಸುವ ರಾಸಾಯನಿಕದ ಚುರುಕನ್ನು ಹೇಳುವ ಐಎಸ್‌ಐ 1.0 ಆಗಿದ್ದರೆ ಐಎನ್‌ಆರ್ 2.8. ಐಎಸ್‌ಐ 1.2 ಆಗಿದ್ದರೆ ಅದೇ 36 ಸೆಕೆಂಡಿಗೆ 3.4. ಪ್ಯಾಕೆಟ್ ಬದಲಾದಾಗ ಹೊಸ ಐಎಸ್‌ಐಯನ್ನು ಯಂತ್ರಕ್ಕೆ ತುಂಬಲು ಮರೆತರೆ ಊರಿನವರೆಲ್ಲರ ಐಎನ್‌ಆರ್ ಒಂದೇ ವಾರದಲ್ಲಿ ಒಂದೇ ಕಡೆಗೆ ವಾಲಿರುತ್ತದೆ. ಬೆರಳು ಚುಚ್ಚಿ ನೋಡುವ ಚಿಕ್ಕ ಯಂತ್ರ ಮಾಮೂಲಿ ಮಟ್ಟದಲ್ಲಿ ಸಾಕಷ್ಟು ಸರಿ ಹೇಳುತ್ತದೆ. 5ರ ಆಸುಪಾಸು ಅಥವಾ ಅದಕ್ಕೂ ಮೇಲೆ ತೋರಿಸಿದರೆ ಮಾತ್ರ ತೋಳಿನಿಂದ ರಕ್ತ ತೆಗೆಸಿ ಖಚಿತ ಮಾಡಿಕೊಳ್ಳಬೇಕು.

ಮಾತ್ರೆ ಎಣಿಸುವುದು

"ದಿನಾ ತಗೊಳ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಕೇಳುವ ಬದಲು ಎಣಿಸಬೇಕು. ಕೊನೆಯ ಸಲ ಎಷ್ಟು ಮಾತ್ರೆ ತಂದಿದ್ದು, ಎಷ್ಟು ದಿನವಾಯಿತು, ಎಷ್ಟು ಉಳಿದಿದೆ? 21 ದಿನಕ್ಕೆ 21 ಖಾಲಿ ಆಗಿರಬೇಕಾದಲ್ಲಿ 18 ಆಗಿದ್ದರೆ ಸೊಪ್ಪಿನ ವಿಚಾರಣೆ ಅಗತ್ಯವೇ ಇಲ್ಲದಿರಬಹುದು.

ಎಣಿಸುವಾಗಲೇ ಪಟ್ಟಿಯ ಮೇಲಿನ ಬರಹವನ್ನೂ ಓದಿ. 1 ಮಿ.ಗ್ರಾಂ, 2 ಮಿ.ಗ್ರಾಂ, 5 ಮಿ.ಗ್ರಾಂ ಪಟ್ಟಿಗಳು ಒಂದೇ ಡಬ್ಬಿಯಲ್ಲಿದ್ದರೆ ಕರೆಂಟು ಹೋದ ರಾತ್ರಿ ಯಾವುದು ಬಾಯಿಗೆ ಬಿತ್ತು ಎಂದು ಹೇಳಲಾಗದು. ಅಂಗಡಿಯವರು ವಾರ್ಫರಿನ್ ಬದಲು ಅಸೆನೊಕೌಮರಾಲ್ ಕೊಟ್ಟಿದ್ದಾರೆಯೇ ಎಂದೂ ನೋಡಿ. ಎರಡೂ ಒಂದೇ ಕೆಲಸದ ಮಾತ್ರೆಗಳೇ, ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಅಸೆನೊಕೌಮರಾಲ್ ಹೆಚ್ಚು ಕಡಿಮೆ ಎರಡರಷ್ಟು ಬಿರುಸು. 5ಕ್ಕೆ 5 ಅದಲುಬದಲು ಆಯಿತೆಂದರೆ ಅಪಾಯ.

ಸೊಪ್ಪು: ಯಾವುದು, ಎಷ್ಟು

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಎಲ್ಲ ಸೊಪ್ಪೂ ಒಂದೇ ಎಂಬುದು ಒಂದು. ಸೊಪ್ಪನ್ನು ಪೂರ್ತಿ ಬಿಟ್ಟುಬಿಡುವುದೇ ಕ್ಷೇಮ ಎಂಬುದು ಇನ್ನೊಂದು.

ವಯಸ್ಕರಿಗೆ ದಿನಕ್ಕೆ ಸುಮಾರು 90ರಿಂದ 120 ಮೈಕ್ರೊಗ್ರಾಂ ವಿಟಮಿನ್ ಕೆ ಸಾಕು. 100 ಗ್ರಾಂ ಹಸಿ ಹರಿವೆ ಸೊಪ್ಪಿನಲ್ಲಿ ಸಾವಿರ ಮೈಕ್ರೊಗ್ರಾಂ ದಾಟುತ್ತದೆ. ಪಾಲಕ್‌ನಲ್ಲಿ ಸುಮಾರು 480, ಕೊತ್ತಂಬರಿಯಲ್ಲಿ 300ರ ಆಸುಪಾಸು. ಕೆಸುವಿನ ಎಲೆಯಲ್ಲಿ ಸುಮಾರು 110, ಎಲೆಕೋಸಿನಲ್ಲಿ 75ರಷ್ಟು. ಅಂದರೆ ಆಷಾಢದಲ್ಲಿ ಎಲ್ಲರೂ ಬೆರಳು ತೋರಿಸುವ ಪತ್ರೊಡೆಗಿಂತ ಹಿತ್ತಿಲ ಹರಿವೆಯ ಪಲ್ಯವೇ ಐಎನ್‌ಆರ್‌ಗೆ ಹೆಚ್ಚು ಭಾರ. ಒಂದು ದೊಡ್ಡ ಕಟ್ಟು ಹರಿವೆ ಬೆಂದರೆ ಮುಷ್ಟಿಯಷ್ಟಾಗುತ್ತದೆ. ಎರಡು ಸೌಟು ಪಲ್ಯ ಹಾಕಿಸಿಕೊಂಡವರ ಹೊಟ್ಟೆಗೆ ನೂರು ಗ್ರಾಂ ಹಸಿ ಸೊಪ್ಪು ಸಲೀಸಾಗಿ ಹೋಗಿರುತ್ತದೆ.

ಒಂದೆಲಗದ ತಂಬುಳಿಯನ್ನು ಇದರ ಜೊತೆ ಸೇರಿಸಬೇಡಿ. ಮನೆಮಂದಿಗೆಲ್ಲ ಆಗುವ ತಂಬುಳಿಗೆ ಒಂದು ಹಿಡಿ ಎಲೆ ಅರೆಯುತ್ತಾರೆ, ಒಬ್ಬರ ಪಾಲಿಗೆ ಬರುವುದು ನಾಲ್ಕಾರು ಎಲೆ. ಒಗ್ಗರಣೆಯ ಕರಿಬೇವು, ಸಾರಿನ ಮೇಲೆ ಉದುರಿಸಿದ ಕೊತ್ತಂಬರಿಯೂ ಅಷ್ಟೇ, ಅವುಗಳ ತೂಕವೇ ಅಲ್ಪ. ಮೊಗೆಕಾಯಿ, ಕುಂಬಳ, ಟೊಮೆಟೊ, ಮೂಲಂಗಿ ಗಡ್ಡೆ, ಆಲೂಗಡ್ಡೆ, ಬಾಳೆಹಣ್ಣು, ತೆಂಗಿನಕಾಯಿ, ತೆಂಗಿನೆಣ್ಣೆ, ಅನ್ನ ಇವುಗಳ ಬಗ್ಗೆ ಯೋಚಿಸುವುದು ಬೇಡ.

ಸೊಪ್ಪು ಬೇಯಿಸಿ ನೀರು ಬಸಿದರೆ ವಿಟಮಿನ್ ಕೆ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹೋಗುವುದಿಲ್ಲ. ಅದು ನೀರಿನಲ್ಲಿ ಕರಗುವುದಲ್ಲ, ಜಿಡ್ಡಿನಲ್ಲಿ ಕರಗುವುದು, ಬಿಸಿಗೂ ಬಹುಮಟ್ಟಿಗೆ ತಡೆಯುತ್ತದೆ. ಬಸ್ಸಾರು ಮಾಡಿದರೆ ಅದು ಉಳಿಯುವುದು ಪಲ್ಯದಲ್ಲಿ. ಬಸಿದ ನೀರಿನ ಸಾರು ಉಂಡವರಿಗಿಂತ ಪಲ್ಯ ಉಂಡವರಿಗೆ ಹೆಚ್ಚು ಸೇರುತ್ತದೆ.

ಇನ್ನು ಸೊಪ್ಪು ಬಿಡುವ ವಿಚಾರ. ಪೂರ್ತಿ ಬಿಟ್ಟವರ ದೇಹದಲ್ಲಿ ವಿಟಮಿನ್ ಕೆ ದಾಸ್ತಾನು ತಳ ಕಂಡಿರುತ್ತದೆ. ಅಂಥವರು ಯಾರದೋ ಮನೆ ಪೂಜೆಯಲ್ಲಿ ಒಂದು ದಿನ ಹರಿವೆ ಹುಳಿ ಉಂಡರೂ ಐಎನ್‌ಆರ್ ಅಲ್ಲಾಡುತ್ತದೆ, ಎರಡು ದಿನ ಊಟ ಬಿಟ್ಟರೂ ಅಲ್ಲಾಡುತ್ತದೆ. ವಾರಕ್ಕೆ ಮೂರು ದಿನ, ಸಲಕ್ಕೆ ಒಂದು ಸೌಟು ಎಂದು ವರ್ಷವಿಡೀ ಒಂದೇ ಅಳತೆ ಇಟ್ಟುಕೊಂಡವರಲ್ಲಿ ಸಂಖ್ಯೆ ಹೆಚ್ಚು ಸ್ಥಿರ. ಆ ಅಳತೆಗೆ ತಕ್ಕಂತೆ ವೈದ್ಯರು ಡೋಸ್ ಹೊಂದಿಸುತ್ತಾರೆ. ಮಾತ್ರೆಯನ್ನು ಊಟಕ್ಕೆ ಹೊಂದಿಸುವುದು ಸುಲಭ, ಪ್ರತಿ ತಿಂಗಳು ಬೇರೆಯಾಗುವ ಊಟಕ್ಕೆ ಹೊಂದಿಸುವುದು ಯಾರಿಂದಲೂ ಆಗದು.

ಡಬ್ಬಿಯ ಪೌಷ್ಟಿಕ ಪುಡಿ, ಮಲ್ಟಿವಿಟಮಿನ್ ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಅದರ ಚೀಟಿಯಲ್ಲೂ ವಿಟಮಿನ್ ಕೆ ಇದೆಯೇ ನೋಡಿ.

ಆಂಟಿಬಯೋಟಿಕ್: ಏರಿಸುವವು, ಇಳಿಸುವುದು

ವಾರ್ಫರಿನ್ ಮಾತ್ರೆಯಲ್ಲಿ ಒಂದಕ್ಕೊಂದು ಜೋಡಿಯಾದ ಎರಡು ರೂಪಗಳಿವೆ. ಹೆಚ್ಚು ಬಲದ ರೂಪವನ್ನು ಪಿತ್ತಜನಕಾಂಗದ ಸಿವೈಪಿ 2ಸಿ9 ಎಂಬ ಕಿಣ್ವ ಒಡೆದುಹಾಕುತ್ತದೆ. ಆ ಕಿಣ್ವವನ್ನು ತಡೆಯುವ ಔಷಧ ಸೇರಿದರೆ, ನುಂಗಿದ್ದು 5 ಮಿ.ಗ್ರಾಂ ಆದರೂ ದೇಹಕ್ಕೆ ಅದಕ್ಕಿಂತ ಹೆಚ್ಚು ನುಂಗಿದಂತೆ. ಈ ಸಾಲಿನಲ್ಲಿ ಮೊದಲು ನೆನಪಿಡಬೇಕಾದವು ಮೂರು. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಭೇದಿಗೂ ಹಲ್ಲಿನ ಕೀವಿಗೂ ಕೊಡುವ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್. ಮೂರನೆಯದು ಶಿಲೀಂಧ್ರದ ಔಷಧ, ಆಂಟಿಬಯೋಟಿಕ್ ಅಲ್ಲ, ಆದರೆ ಮಳೆಗಾಲದಲ್ಲಿ ಔಷಧ ಅಂಗಡಿಯಿಂದ ನೇರವಾಗಿ ಕೈಗೆ ಬರುವುದೇ ಹೆಚ್ಚು. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಕೂಡ ಏರಿಸುತ್ತವೆ. ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್‌ನಿಂದಲೂ ಕೆಲವರಲ್ಲಿ ಏರುತ್ತದೆ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ನಂಥವು ಸಾಮಾನ್ಯವಾಗಿ ಸೌಮ್ಯ. ಆದರೆ ಜ್ವರ ಬಂದು ಬರೀ ಗಂಜಿ ಕುಡಿಯುತ್ತಿರುವವರಲ್ಲಿ ಸೌಮ್ಯ ಎನ್ನುವ ಮಾತಿಗೆ ಅರ್ಥ ಕಡಿಮೆ. ಜ್ವರದಲ್ಲಿ ಹೆಪ್ಪುಗಟ್ಟುವ ಅಂಶಗಳು ತಾವಾಗಿಯೇ ಬೇಗ ಸವೆಯುತ್ತವೆ, ಊಟದ ವಿಟಮಿನ್ ಕೆ ನಿಂತಿರುತ್ತದೆ. ಜೊತೆಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆ, ಹಲವು ದಿನ ಮುಂದುವರಿದರೆ ಅದೂ ತನ್ನ ಪಾಲು ಏರಿಸುತ್ತದೆ.

ಆದ್ದರಿಂದ ಯಾವ ಆಂಟಿಬಯೋಟಿಕ್ ಆದರೂ ಶುರುವಾದ ಮೇಲೆ 3ರಿಂದ 5 ದಿನದೊಳಗೆ ಒಂದು ಐಎನ್‌ಆರ್, ಮುಗಿದ ಒಂದು ವಾರಕ್ಕೆ ಇನ್ನೊಂದು. ಈ ಎರಡು ಪರೀಕ್ಷೆ ತಪ್ಪಿಸಬಾರದು. ಕೋಟ್ರೈಮಾಕ್ಸಜೋಲ್ ಕೊಡದೆ ವಿಧಿಯಿಲ್ಲ ಎಂದಾದರೆ ಹಲವು ವೈದ್ಯರು ಮೊದಲ ದಿನವೇ ವಾರ್ಫರಿನ್ ಶೇ. 10ರಿಂದ 20ರಷ್ಟು ಇಳಿಸುತ್ತಾರೆ. ಇಳಿಸಿದ್ದನ್ನು ಕೋರ್ಸ್ ಮುಗಿದ ಮೇಲೆ ವಾಪಸು ತರಲು ಮರೆಯುವುದೂ ಒಂದು ಮಾಮೂಲಿ ತಪ್ಪು.

ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳ ಕಥೆ ಬೇರೆ. ಅವು ಐಎನ್‌ಆರ್ ಅಷ್ಟಾಗಿ ಏರಿಸದೆಯೇ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಲ್ಲವು. ಸಂಖ್ಯೆ 2.9 ಇದೆ ಎಂದು ನಿಶ್ಚಿಂತರಾಗುವ ಹಾಗಿಲ್ಲ. ಐಎನ್‌ಆರ್ ಪ್ಲೇಟ್‌ಲೆಟ್ ಎಣಿಸುವುದೂ ಇಲ್ಲ. ಈ ಕಡೆ ಅದಕ್ಕೆ ವಿಶೇಷ ಅರ್ಥವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಲ್ಲಿ, ಡೆಂಗಿಯಲ್ಲಿ ಇರುವಂತೆಯೇ, ಪ್ಲೇಟ್‌ಲೆಟ್ ಕುಸಿಯುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕಾಡಿನಂಚಿನ ಊರಿನಲ್ಲಿ ಜ್ವರ ಬಂದರೆ ಐಎನ್‌ಆರ್ ಜೊತೆ ಪ್ಲೇಟ್‌ಲೆಟ್ ಎಣಿಕೆಯೂ ಅದೇ ದಿನ ಆಗಬೇಕು.

ಒಂದು ಪ್ರಕರಣ, ತಾರೀಖಿನ ಪ್ರಕಾರ

ಸರಪಳಿ ಹೇಗೆ ಕೂಡಿಕೊಳ್ಳುತ್ತದೆ ಎಂದು ತೋರಿಸಲು ಕಟ್ಟಿದ ಮಾದರಿ ಇದು. ತೀರ್ಥಹಳ್ಳಿ ಕಡೆಯ 54 ವರ್ಷದ ಮಹಿಳೆ. ಸಂಧಿವಾತ ಜ್ವರದಿಂದ ಹಾಳಾದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ. ಇಂಥ ಕವಾಟಕ್ಕೆ ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕು. ದಿನಕ್ಕೆ 5 ಮಿ.ಗ್ರಾಂ, ವಾರಕ್ಕೆ 35. ಏಪ್ರಿಲ್‌ನಿಂದ ಜೂನ್‌ವರೆಗೆ 2.9, 3.0, 2.8.

ಜುಲೈ 20ಕ್ಕೆ 2.1. ಮಾತ್ರೆ ಎಣಿಕೆ ಸರಿಯಿತ್ತು. ಯಾರೂ ಊಟ ಕೇಳಲಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು: ಮಳೆಗೆ ಪೇಟೆಗೆ ಹೋಗಲಾಗದೆ ಮೂರು ವಾರದಿಂದ ಹಿತ್ತಿಲ ಹರಿವೆಯೇ ದಿನಾ ಪಲ್ಯ, ನಡುನಡುವೆ ಕೆಸುವಿನ ಕರ್ಕಲಿ. ವಾರದ ಡೋಸ್ 40ಕ್ಕೆ ಏರಿತು, ಬುಧವಾರ ಮತ್ತು ಭಾನುವಾರ ಒಂದೂವರೆ ಮಾತ್ರೆ, ಉಳಿದ ದಿನ ಒಂದು. ಶೇ. 14ರ ಏರಿಕೆ. ಆಗಸ್ಟ್ 3ಕ್ಕೆ 2.7 ಬಂತು. ಎಲ್ಲ ಸರಿಯಾಯಿತು ಎನಿಸಿತು. ಆದರೆ ಆ 2.7 ನಿಂತಿದ್ದುದು ದಿನದ ಹರಿವೆ ಪಲ್ಯದ ಮೇಲೆ.

ಆಗಸ್ಟ್ 20ಕ್ಕೆ ಉರಿಮೂತ್ರ. ಜ್ವರ ಇಲ್ಲ. ಬೇರೆ ಕಡೆ ತೋರಿಸಿದಾಗ ವಾರ್ಫರಿನ್ ವಿಷಯ ಹೇಳಲಿಲ್ಲ. ಕೋಟ್ರೈಮಾಕ್ಸಜೋಲ್ ದಿನಕ್ಕೆರಡರಂತೆ 5 ದಿನ. ಆ ಮಾತ್ರೆಗೆ ಹೊಟ್ಟೆ ತೊಳಸಿ ಊಟ ಸೇರದೆ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯಿತು. ಸೊಪ್ಪು ಪೂರ್ತಿ ನಿಂತಿತು. ಆಗಸ್ಟ್ 26ಕ್ಕೆ ಮಾಮೂಲಿ ಪರೀಕ್ಷೆಗೆ ಹೋದಾಗ 6.4. ರಕ್ತಸ್ರಾವ ಎಲ್ಲೂ ಇಲ್ಲ.

ಇಲ್ಲಿ ಮೂರು ಕಾರಣಗಳನ್ನು ಬಿಡಿಸಿ ನೋಡಬೇಕು. ಕೋಟ್ರೈಮಾಕ್ಸಜೋಲ್ ಎರಡು ದಿನದ ಹಿಂದೆಯೇ ನಿಂತಿದೆ, ಅದರ ಪ್ರಭಾವ ಕೆಲವೇ ದಿನದಲ್ಲಿ ತಾನಾಗಿ ಹೋಗುತ್ತದೆ. ಊಟ ಈ ವಾರವೇ ಮರಳುತ್ತದೆ. ಉಳಿಯುವುದು ಜುಲೈಯಲ್ಲಿ ಸೇರಿಸಿದ ಹೆಚ್ಚಿನ 5 ಮಿ.ಗ್ರಾಂ. ಮೊದಲೆರಡು ತಾತ್ಕಾಲಿಕ, ಮೂರನೆಯದನ್ನು ಕೈಯಾರೆ ತೆಗೆಯಬೇಕು.

ವೈದ್ಯರು 26 ಮತ್ತು 27ರ ಮಾತ್ರೆ ನಿಲ್ಲಿಸಿದರು. ವಿಟಮಿನ್ ಕೆ ಕೊಡಲಿಲ್ಲ. 28ಕ್ಕೆ 3.9. ಅಂದು ಸಂಜೆ 5 ಮಿ.ಗ್ರಾಂ ಶುರು, ವಾರಕ್ಕೆ 40 ಅಲ್ಲ, ಹಳೆಯ 35. ಸೊಪ್ಪು ವಾರಕ್ಕೆ ಮೂರು ದಿನ, ಒಂದು ಸೌಟು. ಸೆಪ್ಟೆಂಬರ್ 2ಕ್ಕೆ 2.8, 9ಕ್ಕೆ 2.7. ಮುಂದಿನದು ಎರಡು ವಾರ ಬಿಟ್ಟು.

ವಿಟಮಿನ್ ಕೆ ಏಕೆ ಕೊಡಲಿಲ್ಲ ಎಂಬುದು ಮುಖ್ಯ. 10ರ ಒಳಗಿನ ಐಎನ್‌ಆರ್‌ಗೆ, ರಕ್ತಸ್ರಾವ ಇಲ್ಲದಿದ್ದರೆ, ಮಾತ್ರೆ ನಿಲ್ಲಿಸಿ ಕಾಯುವುದೇ ಸಾಮಾನ್ಯ ಕ್ರಮ. ಗಾಬರಿಯಲ್ಲಿ 10 ಮಿ.ಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಪೂರ್ತಿ ಕೊಟ್ಟರೆ ಐಎನ್‌ಆರ್ 1ರ ಹತ್ತಿರ ಇಳಿದು, ಮುಂದೆ ವಾರವಾದರೂ ವಾರ್ಫರಿನ್ ಹಿಡಿಯುವುದಿಲ್ಲ. ಆ ದಿನಗಳಲ್ಲಿ ಲೋಹದ ಕವಾಟದ ಮೇಲೆ ಹೆಪ್ಪು ಕಟ್ಟಬಹುದು. ನಿಜವಾಗಿ ರಕ್ತ ಹರಿಯುತ್ತಿದ್ದರೆ ಮಾತ್ರ ಆ ಲೆಕ್ಕವೇ ಬೇರೆ, ಆಗ ಇಂಜೆಕ್ಷನ್ ಬೇಕೇ ಬೇಕು, ಪ್ಲಾಸ್ಮಾ ಅಥವಾ ಅಂಶಗಳ ಸಾಂದ್ರವೂ ಬೇಕಾಗುತ್ತದೆ.

ಈಗ ಹಿಂದಕ್ಕೆ ಹೋಗಿ ಸರಪಳಿಯನ್ನು ಎಲ್ಲಿ ಕಡಿಯಬಹುದಿತ್ತು ನೋಡಿ. ಜುಲೈ 20ರ 2.1 ಗುರಿಗಿಂತ 0.4 ಮಾತ್ರ ಕೆಳಗಿತ್ತು. ಹಿಂದೆ ಸ್ಥಿರವಾಗಿದ್ದವರಲ್ಲಿ ಒಂದೇ ಒಂದು ಸಂಖ್ಯೆ 0.5ರೊಳಗೆ ಆಚೀಚೆ ಆದರೆ, ಡೋಸ್ ಹಾಗೇ ಇಟ್ಟು, ಕಾರಣ ಸರಿಪಡಿಸಿ, ಒಂದು ಎರಡು ವಾರದಲ್ಲಿ ಮತ್ತೆ ನೋಡಿದರೆ ಸಾಕಾಗುತ್ತದೆ. ಮೈಟ್ರಲ್ ಕವಾಟದವರಲ್ಲಿ ಒಂದೇ ವಾರಕ್ಕೆ ನೋಡುವುದು ಒಳ್ಳೆಯದು. ಹರಿವೆಯನ್ನು ಹಳೆಯ ಅಳತೆಗೆ ತಂದಿದ್ದರೆ 35ರಲ್ಲೇ ಸಂಖ್ಯೆ ಮರಳುವ ಸಾಧ್ಯತೆ ಹೆಚ್ಚು. ಎರಡನೆಯ ಅವಕಾಶ ಆಗಸ್ಟ್ 20. "ನಾನು ವಾರ್ಫರಿನ್ ತಗೊಳ್ತೀನಿ" ಎಂಬ ಒಂದು ಮಾತಿಗೆ ಜ್ವರವಿಲ್ಲದ ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟೊಯಿನ್ ಬರೆಯಬಹುದಿತ್ತು, ಅದಕ್ಕೂ ವಾರ್ಫರಿನ್‌ಗೂ ಜಗಳ ಕಡಿಮೆ. ಜ್ವರ, ಸೊಂಟನೋವು ಇದ್ದರೆ ಆ ಔಷಧ ಸಾಲದು, ಆಗ ಬೇರೆಯದನ್ನೇ ಕೊಟ್ಟು ಐಎನ್‌ಆರ್ ಹತ್ತಿರದಿಂದ ನೋಡಬೇಕು.

ಸಂಖ್ಯೆ ನೋಡಿ ಮುಂದಿನ ಹೆಜ್ಜೆ

ಗುರಿ 2.5ರಿಂದ 3.5 ಇರುವವರಿಗೆ, ರಕ್ತಸ್ರಾವ ಇಲ್ಲದಾಗ, ವೈದ್ಯರು ಸಾಮಾನ್ಯವಾಗಿ ಹೀಗೆ ಯೋಚಿಸುತ್ತಾರೆ. ಹೃದಯ ಬಡಿತದ ಏರುಪೇರಿಗೆ ವಾರ್ಫರಿನ್ ತೆಗೆದುಕೊಳ್ಳುವವರ ಗುರಿ 2ರಿಂದ 3, ಅವರು ಕೆಳಗಿನ ಸಣ್ಣ ಸಂಖ್ಯೆಗಳಿಂದ 0.5 ಕಳೆದುಕೊಂಡು ಓದಬೇಕು.

- 2ಕ್ಕಿಂತ ಕಡಿಮೆ: ಲೋಹದ ಕವಾಟ ಇದ್ದರೆ ಅದೇ ದಿನ ವೈದ್ಯರಿಗೆ ಫೋನ್. ಕೆಲವರಿಗೆ ಹೆಪಾರಿನ್ ಇಂಜೆಕ್ಷನ್ ಬೇಕಾಗಬಹುದು.
- 2.0ರಿಂದ 2.4, ಅಥವಾ 3.6ರಿಂದ 4.0: ಕಾರಣ ತಾತ್ಕಾಲಿಕವಾದರೆ ಅದೇ ಡೋಸ್, ಬೇಗ ಮರುಪರೀಕ್ಷೆ. ಎರಡು ಸಲ ಹಾಗೇ ಬಂದರೆ ವಾರದ ಮೊತ್ತದಲ್ಲಿ ಶೇ. 5ರಿಂದ 10 ಬದಲಾವಣೆ.
- 4.1ರಿಂದ 4.9: ಒಂದು ಮಾತ್ರೆ ಬಿಡುವುದು ಅಥವಾ ಅರ್ಧ ಮಾಡುವುದು, ವಾರದೊಳಗೆ ಪರೀಕ್ಷೆ.
- 5ರಿಂದ 10: ವೈದ್ಯರ ಮಾತಿನಂತೆ ಒಂದೆರಡು ದಿನ ನಿಲ್ಲಿಸಿ, 24ರಿಂದ 48 ಗಂಟೆಯಲ್ಲಿ ಮತ್ತೆ ರಕ್ತ.
- 10ರ ಮೇಲೆ: ಆಸ್ಪತ್ರೆಗೆ. ಬಾಯಿಯ ಮೂಲಕ ವಿಟಮಿನ್ ಕೆ ಕೊಡುತ್ತಾರೆ.

ಬದಲಾವಣೆ ಯಾವಾಗಲೂ ವಾರದ ಮೊತ್ತದ ಮೇಲೆ. 35ರಲ್ಲಿ ಶೇ. 7 ಎಂದರೆ ಎರಡೂವರೆ ಮಿ.ಗ್ರಾಂ, ಅಂದರೆ ವಾರದಲ್ಲಿ ಒಂದೇ ಒಂದು ದಿನ ಅರ್ಧ ಮಾತ್ರೆ. ದಿನಾ ಒಂದರಿಂದ ಒಂದೂವರೆಗೆ ಹೋದರೆ ಅದು ಶೇ. 50ರ ಏರಿಕೆ, ಯಾರೂ ಹಾಗೆ ಹೇಳಿರಲಾರರು, ಕೇಳಿಸಿಕೊಂಡದ್ದರಲ್ಲಿ ತಪ್ಪಾಗಿರುತ್ತದೆ. ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುವುದರಿಂದ ಒಂದು ಅನುಕೂಲವಿದೆ. ಬೆಳಿಗ್ಗೆ ಕೊಟ್ಟ ರಕ್ತದ ರಿಪೋರ್ಟ್ ನೋಡಿ ಅಂದಿನ ಮಾತ್ರೆಯನ್ನೇ ಬದಲಿಸಬಹುದು. ಮರೆತ ಮಾತ್ರೆ ಅದೇ ದಿನ ನೆನಪಾದರೆ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ.

ತಲೆಕೆಳಗಾದ ಪ್ರಕರಣ: ರಿಫಾಂಪಿಸಿನ್

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಉಳಿದ ಆಂಟಿಬಯೋಟಿಕ್‌ಗಳಿಗೆ ವಿರುದ್ಧ. ಅದು ವಾರ್ಫರಿನ್ ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಶುರುವಾದ ಒಂದು ವಾರದ ಆಸುಪಾಸಿನಲ್ಲಿ ಐಎನ್‌ಆರ್ ಇಳಿಯತೊಡಗಿ, ಕೆಲವರಿಗೆ ವಾರ್ಫರಿನ್ ಎರಡು ಮೂರು ಪಟ್ಟು, ಅದಕ್ಕೂ ಹೆಚ್ಚು ಬೇಕಾಗುತ್ತದೆ. ಅಷ್ಟು ಏರಿಸಿದರೂ ಮೊದಮೊದಲು ಸಂಖ್ಯೆ ಅಲ್ಲಾಡುವುದಿಲ್ಲ. ಅದನ್ನು ನೋಡಿ ಸೊಪ್ಪಿನ ಮೇಲೆ ಗೂಬೆ ಕೂರಿಸುವುದುಂಟು.

ನಿಜವಾದ ಅಪಾಯ ಆರು ತಿಂಗಳ ಚಿಕಿತ್ಸೆ ಮುಗಿದ ಮೇಲೆ. ರಿಫಾಂಪಿಸಿನ್ ನಿಂತ ದಿನ ಏನೂ ಆಗುವುದಿಲ್ಲ. ಹೆಚ್ಚಾದ ಕಿಣ್ವ ಮುಂದಿನ ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಕರಗುತ್ತದೆ, ಅಷ್ಟೇ ನಿಧಾನವಾಗಿ ಐಎನ್‌ಆರ್ ಏರುತ್ತ ಹೋಗುತ್ತದೆ. ದಿನಕ್ಕೆ 12 ಮಿ.ಗ್ರಾಂನಲ್ಲಿ 2.8 ಇದ್ದವರು ಅದೇ 12ರಲ್ಲಿ ತಿಂಗಳೊಳಗೆ 8 ದಾಟಬಹುದು. ಕ್ಷಯದ ಮಾತ್ರೆಯ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅಲ್ಲಿಂದ ನಾಲ್ಕೈದು ವಾರ, ವಾರವಾರ ಐಎನ್‌ಆರ್ ಮಾಡಿಸಿ, ಪ್ರತಿ ಸಲವೂ ವೈದ್ಯರಿಂದ ಡೋಸ್ ಇಳಿಸಿಕೊಳ್ಳುತ್ತ ಕ್ಷಯಕ್ಕೆ ಮುಂಚಿನ ಡೋಸ್‌ಗೆ ಹಿಂತಿರುಗಬೇಕು. ಆ ಹಳೆಯ ಡೋಸ್ ಎಷ್ಟಿತ್ತು ಎಂಬುದು ಆರು ತಿಂಗಳ ಹಿಂದಿನ ಚೀಟಿಯಲ್ಲಿರುತ್ತದೆ, ಅದನ್ನು ಎಸೆಯಬೇಡಿ.